ಏನಿದು ನಿನ್ನ ಅವತಾರ?

ನಮ್ಮ ಮನೆಗಳಲ್ಲಿ 'ಏನಿದು ನಿನ್ನ ಅವತಾರ' ಅಂದರೆ ಅದು ಬೈಗುಳ. ತಲೆ ಬಾಚದೆ, ಮಾಸಿದ ಬಟ್ಟೆಯಲ್ಲಿ ಬಾಗಿಲಿಗೆ ಬಂದವರಿಗೆ ಹೇಳುವ ಮಾತು ಅದು. ಅದೇ ಪದ ಈಗ ಇಂಗ್ಲಿಷನ್ನು ಸುತ್ತಿಕೊಂಡು ಫೋನಿನೊಳಗೆ ವಾಪಸ್ಸು ಬಂದಿದೆ. ಟೊರಾಂಟೊದ ಬಿಟ್‌ಸ್ಟ್ರಿಪ್ಸ್ ಕಂಪನಿ 2014ರಲ್ಲಿ ಬಿಟ್‌ಮೋಜಿ ತಂದಿತು, ಆಪಲ್ 2018ರಲ್ಲಿ ಮೆಮೋಜಿ ಕೊಟ್ಟಿತು, 2022ರ ಕೊನೆಗೆ ವಾಟ್ಸಾಪಿನಲ್ಲೂ ಅವತಾರ ಬಂತು. ಒಂದು ಸೆಲ್ಫಿ ಕೊಟ್ಟರೆ ನಿಮ್ಮ ಹೋಲಿಕೆಯ ಗೊಂಬೆಮುಖ ತಯಾರಾಗುತ್ತದೆ. ಕೂದಲು, ಮೈಬಣ್ಣ, ಕನ್ನಡಕ, ಓಲೆಗಳನ್ನು ಪಟ್ಟಿಯಿಂದ ಆರಿಸಿ ತಿದ್ದಿಕೊಳ್ಳಬಹುದು. ಇದನ್ನು ಆಟವೆಂದು ಬಿಟ್ಟುಬಿಡುವವರೇ ಹೆಚ್ಚು. ನಾನು ಇದನ್ನು ವ್ಯಕ್ತಿಚಿತ್ರದ ಒಂದು ಪ್ರಕಾರ ಎಂದುಕೊಂಡು ಓದಲು ಹೊರಟಿದ್ದೇನೆ. ಪ್ರತಿ ಪ್ರಕಾರಕ್ಕೂ ಒಂದು ಪದಕೋಶ ಇರುತ್ತದೆ. ಆ ಕೋಶದಲ್ಲಿ ಇಲ್ಲದ್ದನ್ನು ಅದು ಹೇಳಲಾರದು.

ಮೊದಲು ವ್ಯಂಗ್ಯಚಿತ್ರದ ಪಕ್ಕ ಇದನ್ನು ಇಟ್ಟು ನೋಡೋಣ. 1942ರಲ್ಲಿ ರಾಶಿಯವರು ಆರಂಭಿಸಿದ 'ಕೊರವಂಜಿ'ಗೆ ಚಿತ್ರ ಬರೆಯುತ್ತಿದ್ದ ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಮುಂದೆ 'ಕಾಮನ್ ಮ್ಯಾನ್'ನನ್ನು ಸೃಷ್ಟಿಸಿದರು. ಚೌಕಳಿ ಕೋಟು, ಪಂಚೆ, ಬೋಳುತಲೆಯ ಅಂಚಿನಲ್ಲಿ ನಿಂತ ನಾಲ್ಕು ಕೂದಲು, ದುಂಡು ಕನ್ನಡಕ, ಮೀಸೆ. ವ್ಯಂಗ್ಯಚಿತ್ರಕಾರ ಒಂದು ಮುಖ ನೋಡಿದಾಗ ಅದು ಉಳಿದ ಮುಖಗಳಿಂದ ಎಲ್ಲಿ ಬೇರೆಯಾಗುತ್ತದೆ ಎಂದು ಹುಡುಕುತ್ತಾನೆ. ಕಿವಿ ತುಸು ದೊಡ್ಡದಿದ್ದರೆ ಇನ್ನಷ್ಟು ದೊಡ್ಡದು ಮಾಡುತ್ತಾನೆ. ಅವತಾರದ ತಂತ್ರಾಂಶ ಇದಕ್ಕೆ ತದ್ವಿರುದ್ಧ. ಅದರ ಬಳಿ ಮೊದಲೇ ಬರೆದಿಟ್ಟ ಮೂಗುಗಳಿವೆ, ತುಟಿಗಳಿವೆ, ಕೇಶವಿನ್ಯಾಸಗಳಿವೆ. ಸೆಲ್ಫಿಯ ಮೂಗನ್ನು ನೋಡಿ ತನ್ನ ಮೂಗುಗಳಲ್ಲಿ ಅದಕ್ಕೆ ಅತಿ ಹತ್ತಿರದ್ದನ್ನು ಎತ್ತಿ ಇಡುತ್ತದೆ. ಒಬ್ಬ ಬೇರೆತನವನ್ನು ಹಿಗ್ಗಿಸುತ್ತಾನೆ, ಇನ್ನೊಂದು ಅದನ್ನು ಒರೆಸಿ ಸರಾಸರಿಯ ಕಡೆಗೆ ಎಳೆಯುತ್ತದೆ. ಯಂತ್ರ ಕೊಟ್ಟ ಮೊದಲ ಗೊಂಬೆ ಸುಂದರವಾಗಿದ್ದೂ ಯಾರಂತೆಯೂ ಕಾಣದಿರುವುದಕ್ಕೆ ಕಾರಣ ಇದು. ಬೇರೆತನವನ್ನು ವಾಪಸ್ಸು ತರುವ ಕೆಲಸ ಕೈಯಿಂದಲೇ ಆಗಬೇಕು.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಭದ್ರಾವತಿಯ ನ್ಯೂ ಟೌನಿನಲ್ಲಿರುವ ನನ್ನ ಅಮ್ಮನಿಗೆ ಒಂದು ಅವತಾರ ಮಾಡಿಕೊಡಬೇಕಾಗಿತ್ತು. ಅಣ್ಣನ ಮಗಳು ತನ್ನದನ್ನು ಮಾಡಿಕೊಂಡು ಮನೆಯ ಗ್ರೂಪಿನಲ್ಲಿ ಸ್ಟಿಕರ್ ಹಾಕುತ್ತಿದ್ದಳು, ಅಜ್ಜಿಯದೂ ಬೇಕೆಂದು ಹಟ ಹಿಡಿದಿದ್ದಳು. ಅಮ್ಮನಿಗೆ ಅರವತ್ತೆಂಟು. ಬೈತಲೆಯ ಹತ್ತಿರ ನರೆತ ಕೂದಲು, ಹಿಂದೆ ಹೆರಳು. ಹಣೆಯಲ್ಲಿ ಕಾಸಗಲದ ಕುಂಕುಮ, ಎಡಮೂಗಿಗೆ ಮೂಗುಬೊಟ್ಟು. ಕನ್ನಡಕ ಸದಾ ಮೂಗಿನ ಅರ್ಧಕ್ಕೆ ಜಾರಿರುತ್ತದೆ.

ಮೊದಲ ಸೆಲ್ಫಿಯನ್ನು ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ತೆಗೆದೆವು. ಯಂತ್ರ ಅಮ್ಮನಿಗೆ ತಿಳಿಗೋಧಿಯ ಬಣ್ಣ ಕೊಟ್ಟಿತು. ಎರಡನೆಯದನ್ನು ಕಿಟಕಿಗೆ ಬೆನ್ನು ಹಾಕಿಸಿ ತೆಗೆದಾಗ ಕಡುಗಂದು ಬಂತು. ಮೂರನೆಯದನ್ನು ಸಂಜೆ ನಾಲ್ಕರ ಹೊತ್ತಿಗೆ ಜಗಲಿಯ ನೆರಳಿನಲ್ಲಿ ತೆಗೆದೆವು, ಆಗ ಬಂದದ್ದು ಇವೆರಡರ ನಡುವಿನದು. ಒಬ್ಬಳೇ ಅಮ್ಮ, ಒಂದೇ ದಿನ, ಮೂರು ಬಣ್ಣ. ಯಂತ್ರಕ್ಕೆ ಚರ್ಮ ಕಾಣುವುದಿಲ್ಲ, ಚರ್ಮದ ಮೇಲೆ ಬಿದ್ದು ಕ್ಯಾಮೆರಾಗೆ ಮರಳಿದ ಬೆಳಕು ಮಾತ್ರ ಕಾಣುತ್ತದೆ. ಹಿಂದಿನಿಂದ ಬೆಳಕಿದ್ದರೆ ಮುಖ ಕಪ್ಪಾಗುತ್ತದೆ. ಅನೇಕ ಫೋನುಗಳಲ್ಲಿ ಮುಂಬದಿಯ ಕ್ಯಾಮೆರಾದ 'ಬ್ಯೂಟಿ' ಸೌಲಭ್ಯ ನಾವು ಕೇಳದೆಯೇ ಚಾಲೂ ಇರುತ್ತದೆ, ಚಿತ್ರ ಅವತಾರದ ಆಪನ್ನು ತಲುಪುವ ಮೊದಲೇ ಮುಖವನ್ನು ನುಣುಪಾಗಿಸಿ ಬೆಳ್ಳಗೆ ಮಾಡಿಬಿಟ್ಟಿರುತ್ತದೆ. ಅದನ್ನು ಆರಿಸಿ, ಬಯಲಿನ ನೆರಳಿನಲ್ಲಿ ನಿಂತು ತೆಗೆದ ಚಿತ್ರವೇ ನಂಬಲು ಯೋಗ್ಯ. ಬೇರೆ ಬೇರೆ ಬೆಳಕಿನ ಎರಡು ಸೆಲ್ಫಿಗೆ ಎರಡು ಬಣ್ಣ ಬಂದರೆ ಯಂತ್ರ ಊಹಿಸುತ್ತಿದೆ ಎಂದೇ ಅರ್ಥ. ಆಗ ಬಣ್ಣವನ್ನು ನಾವೇ ಆರಿಸಬೇಕು.

ಆರಿಸುವಾಗ ಜಗಳ ಹುಟ್ಟಿತು. ಅಮ್ಮ ಪಟ್ಟಿಯಲ್ಲಿ ಎರಡು ಮನೆ ಮೇಲಕ್ಕೆ ಹೋಗಿ ತಿಳಿಬಣ್ಣದ ಮೇಲೆ ಬೆರಳಿಟ್ಟಳು. 'ಅಜ್ಜಿ, ನೀನು ಅಷ್ಟು ಬೆಳ್ಳಗಿಲ್ಲ' ಎಂದಳು ಮೊಮ್ಮಗಳು. 'ಇರ್ಲಿ ಬಿಡೇ, ನನ್ನ ಮದ್ವೆ ಫೋಟೋದಾಗೂ ಹಿಂಗೇ ಇದ್ದೆ' ಎಂದಳು ಅಮ್ಮ. ಅವಳ ಮಾತು ನಿಜ. ಗಂಡಿನ ಕಡೆಯವರಿಗೆ ಕಳಿಸಲು ತೆಗೆಸುತ್ತಿದ್ದ ಆ ಕಾಲದ ಕಪ್ಪು-ಬಿಳುಪು ಫೋಟೋಗಳನ್ನು ಸ್ಟುಡಿಯೊದಲ್ಲಿ 'ಟಚಪ್' ಮಾಡುತ್ತಿದ್ದರು. ನೆಗೆಟಿವ್ ಮೇಲೆ ಮುಖದ ಜಾಗದಲ್ಲಿ ಚೂಪಾದ ಪೆನ್ಸಿಲಿನಿಂದ ಸೀಸ ತೀಡಿದರೆ ಅಲ್ಲಿ ಬೆಳಕು ಕಡಿಮೆ ತೂರುತ್ತದೆ, ಪ್ರಿಂಟಿನಲ್ಲಿ ಆ ಭಾಗ ಬೆಳ್ಳಗೆ ಬರುತ್ತದೆ. ಒಂದು ಹುಡುಗಿಯ ಮದುವೆ ಆ ಪೆನ್ಸಿಲನ್ನು ಅವಲಂಬಿಸಿದ್ದ ದಿನಗಳವು. ಅಮ್ಮನ ಬೆರಳು ಮೇಲಕ್ಕೆ ಹೋದದ್ದು ಬರೀ ಜಂಬದಿಂದಲ್ಲ, ಐವತ್ತು ವರ್ಷದ ಹಿಂದೆ ಕಲಿತ ಪಾಠದಿಂದ. ಆದರೆ ಪಕ್ಕದಲ್ಲಿ ಕೂತು ನೋಡುತ್ತಿದ್ದ ಒಂಬತ್ತರ ಹುಡುಗಿ ಅಜ್ಜಿಯ ಬಣ್ಣವನ್ನೇ ಪಡೆದವಳು. ಅಜ್ಜಿ ಯಾವ ಬಣ್ಣವನ್ನು ಬೇಡವೆಂದಳು ಎನ್ನುವುದು ಅವಳಿಗೆ ಗೊತ್ತಾಗದೆ ಇರುತ್ತದೆಯೆ?

ಈ ಬಣ್ಣದ ಪಟ್ಟಿಗೂ ಒಂದು ಚರಿತ್ರೆಯಿದೆ. ಎಮೋಜಿಗಳ ಮೈಬಣ್ಣದ ಐದು ಛಾಯೆಗಳು 2015ರಲ್ಲಿ ಯೂನಿಕೋಡಿಗೆ ಸೇರಿದವು. ಅವುಗಳ ಸಂಕೇತಗಳು U+1F3FB ಇಂದ U+1F3FF ತನಕ. ಇವಕ್ಕೆ ಆಧಾರವಾದ ಫಿಟ್ಜ್‌ಪ್ಯಾಟ್ರಿಕ್ ಮಾಪನವನ್ನು ಹಾರ್ವರ್ಡಿನ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದರು. ಅದು ಚಿತ್ರಕಾರನ ಮಾಪನವಲ್ಲ. ನೇರಳಾತೀತ ಕಿರಣದ ಚಿಕಿತ್ಸೆಯಲ್ಲಿ ಯಾರ ಚರ್ಮ ಎಷ್ಟು ಬೇಗ ಸುಡುತ್ತದೆ ಎಂದು ಅಂದಾಜು ಮಾಡಲು ಹುಟ್ಟಿದ್ದು. ಶುರುವಿನಲ್ಲಿ ಗಮನವೆಲ್ಲ ಬಿಳಿಯ ಚರ್ಮದ ಮೇಲೇ ಇತ್ತು, ಕಂದು ಮತ್ತು ಕಪ್ಪು ವರ್ಗಗಳು ಆಮೇಲೆ ಸೇರಿ ಒಟ್ಟು ಆರಾದವು. ಎಮೋಜಿಯಲ್ಲಿ ಮೊದಲ ಎರಡನ್ನು ಒಂದು ಮಾಡಿ ಐದಕ್ಕೆ ಇಳಿಸಿದರು. ಅವತಾರದ ಆಪ್‌ಗಳು ಇನ್ನೂ ಹೆಚ್ಚು ಛಾಯೆ ಕೊಡುತ್ತವೆ, ಮೆಮೋಜಿಯಲ್ಲಿ ಒಂದೇ ಛಾಯೆಯನ್ನು ಹೆಚ್ಚು ಕಡಿಮೆ ಮಾಡುವ ಪಟ್ಟಿಯೂ ಉಂಟು. ಆದರೂ ಎಲ್ಲ ಕಡೆ ಬಣ್ಣ ಎಂದರೆ ಬಿಳುಪಿನಿಂದ ಕಪ್ಪಿಗೆ ಇಳಿಯುವ ಒಂದು ಏಣಿ.

ಕನ್ನಡ ಮೈಬಣ್ಣವನ್ನು ಹಾಗೆ ನೋಡಿಲ್ಲ. ನಮ್ಮಲ್ಲಿ ಎಣ್ಣೆಗೆಂಪು ಎಂಬ ಪದವಿದೆ. ಅಮ್ಮನ ಬಣ್ಣ ಅದೇ. ಅದು ಏಣಿಯ ಒಂದು ಮೆಟ್ಟಿಲಿನ ಹೆಸರಲ್ಲ. ಅದರಲ್ಲಿ ಕೆಂಪಿನ ಜೊತೆ ಹೊಳಪೂ ಇದೆ, ಎಣ್ಣೆ ಸವರಿದ ಮೈಯ ಮೇಲೆ ಬೆಳಕು ಜಾರುವ ರೀತಿ ಇದೆ. ಸಾದಗಪ್ಪು ಎಂದಾಗ ಹೊಳಪು ಸರಿದು ಬೇರೆಯೇ ಮುಖ ಕಣ್ಣಿಗೆ ಬರುತ್ತದೆ. ಮುಖವಿಡೀ ಒಂದೇ ಸಮ ತುಂಬುವ ಗೊಂಬೆಬಣ್ಣಕ್ಕೆ ಈ ಹೊಳಪು ದಕ್ಕುವುದಿಲ್ಲ. ಪಟ್ಟಿಗೆ ಇನ್ನೂ ಹತ್ತು ಛಾಯೆ ಸೇರಿಸಿದರೂ ದಕ್ಕದು. ಅದಕ್ಕೆ ಬೇಕಾದದ್ದು ಬೇರೆ ಬಗೆಯ ಗುಣ.

ಹಾಗಾದರೆ ಹೋಲಿಕೆ ಎಲ್ಲಿಂದ ಬರುತ್ತದೆ? ಸ್ಟಿಕರ್ ಕಾಣುವುದು ಹೆಬ್ಬೆರಳಿನ ಎರಡರಷ್ಟು ಜಾಗದಲ್ಲಿ. ಅಷ್ಟು ಚಿಕ್ಕದರಲ್ಲಿ ಮೂಗಿನ ಆಕಾರ, ತುಟಿಯ ಬಣ್ಣ ಲೆಕ್ಕಕ್ಕೆ ಬರುವುದಿಲ್ಲ. ತಲೆಯ ಹೊರಗೆರೆ, ಹುಬ್ಬಿಗೂ ಕಣ್ಣಿಗೂ ನಡುವಿನ ದೂರ, ಕನ್ನಡಕ, ಹಣೆಯ ಗುರುತು ಇವಷ್ಟೇ ಕಣ್ಣಿಗೆ ಹತ್ತುತ್ತವೆ. ಆದ್ದರಿಂದ ಕೂದಲಿನಿಂದ ಶುರು ಮಾಡಿದೆ. ತೋಳಿನಳತೆಯ ಸೆಲ್ಫಿಯಲ್ಲಿ ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಹಾಗಾಗಿ ನಾಲ್ಕೈದು ಅಡಿ ದೂರದಿಂದ ಇನ್ನೊಬ್ಬರು ತೆಗೆದ ಫೋಟೋವನ್ನು ಪಕ್ಕದಲ್ಲಿಟ್ಟುಕೊಂಡೆ. ನರೆ ಒಂದು ತೊಡಕಾಯಿತು. ನಾವು ಬಳಸಿದ ಆಪಿನಲ್ಲಿ ಇಡೀ ತಲೆಗೆ ಒಂದೇ ಬಣ್ಣ, ಬೈತಲೆಯಲ್ಲಿ ಮಾತ್ರ ಬಿಳಿ ಎನ್ನುವ ಆಯ್ಕೆ ಇಲ್ಲ. ಪೂರ್ತಿ ಬಿಳಿ ಮಾಡಿದರೆ ಅಮ್ಮನ ಅಮ್ಮನಂತೆ ಕಂಡಳು, ಕಪ್ಪು ಮಾಡಿದರೆ ನನ್ನಂತೆ. ಕಡುಬೂದು ಬಣ್ಣದಲ್ಲಿ ರಾಜಿಯಾಯಿತು.

ಹೆರಳೂ ಮಲ್ಲಿಗೆಯೂ ಕಾಣಲೇ ಇಲ್ಲ. ನಮ್ಮ ಹೆಂಗಸರ ಅಲಂಕಾರದಲ್ಲಿ ಅರ್ಧ ಬೆನ್ನಿನ ಕಡೆಗಿರುತ್ತದೆ, ಸೆಲ್ಫಿಗೆ ಬೆನ್ನೇ ಇಲ್ಲ. ಮೂಗುಬೊಟ್ಟಿನ ಕಥೆ ಬೇರೆ. ಮುಂಬದಿಯ ಕ್ಯಾಮೆರಾ ಕನ್ನಡಿಯ ಹಾಗೆ ತೋರಿಸುತ್ತದೆ. ಅಮ್ಮನ ಎಡಮೂಗು ತೆರೆಯ ಎಡಗಡೆಗೇ ಇರುತ್ತದೆ. ಎದುರು ಕೂತವರಿಗೆ ಅದು ಬಲಗಡೆ ಕಾಣಬೇಕು. ಕನ್ನಡಿಯ ಚಿತ್ರ ನೋಡಿಕೊಂಡು ಬೊಟ್ಟು ಇಟ್ಟರೆ ಅದು ಇನ್ನೊಂದು ಮೂಗಿಗೆ ಹೋಗುತ್ತದೆ, ಕೆಲವು ಮನೆಗಳಲ್ಲಿ ಅದು ಸಣ್ಣ ವಿಷಯವಲ್ಲ. ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಸ್ಟಿಕರಿನ ಜೊತೆ ಹೋಲಿಸಿ ನೋಡುವುದೇ ಇದಕ್ಕಿರುವ ಪರೀಕ್ಷೆ. ಹಣೆಗೆ ಬಿಂದಿ ಸಿಕ್ಕಿತು, ಆದರೆ ಅದು ಅಂಟಿಸುವ ಸ್ಟಿಕರಿನಷ್ಟು ಚಿಕ್ಕದು. ಕಾಸಗಲದ ಕುಂಕುಮವಲ್ಲ.

ಕೊನೆಗೆ ಕನ್ನಡಕ. ಚೌಕಟ್ಟಿನ ಆಕಾರಗಳು ಬೇಕಾದಷ್ಟಿದ್ದವು. ಅದನ್ನು ಮೂಗಿನ ಮೇಲೆ ಕೆಳಕ್ಕೆ ಜಾರಿಸುವ ಆಯ್ಕೆ ಇರಲಿಲ್ಲ. ಹುಬ್ಬುಗಳನ್ನು ಎಷ್ಟು ಸಾಧ್ಯವೋ ಅಷ್ಟು ಮೇಲಕ್ಕೆ ಸರಿಸಿದೆ. ಕನ್ನಡಕದ ಮೇಲಿಂದ ನೋಡುವವರ ಹುಬ್ಬು ಹಾಗೇ ಏರಿರುತ್ತದೆ. ಕನ್ನಡಕ ಇದ್ದಲ್ಲೇ ಇದ್ದರೂ ನೋಟ ಜಾರಿತು. ಹೆಸರು ಹೇಳದೆ ಅಣ್ಣನಿಗೆ ಕಳಿಸಿದೆವು. 'ಅಮ್ಮ ಯಾಕೆ ಬೈತಿದಾಳೆ?' ಎಂದು ಉತ್ತರ ಬಂತು. ಬಣ್ಣದ ಬಗ್ಗೆ ಅವನು ಏನೂ ಕೇಳಲಿಲ್ಲ. ಆ ಹೊತ್ತಿಗೆ ಅಮ್ಮನೂ ಮೊಮ್ಮಗಳೂ ಒಪ್ಪಂದಕ್ಕೆ ಬಂದು ಜಗಲಿಯ ನೆರಳಿನ ಬಣ್ಣವನ್ನೇ ಉಳಿಸಿಕೊಂಡಿದ್ದರು.

ಈ ಪ್ರಕಾರದ ಶಕ್ತಿ ಮತ್ತು ಮಿತಿ ಎರಡೂ ಆ ಹುಬ್ಬಿನಲ್ಲಿವೆ ಎನಿಸುತ್ತದೆ. ನ್ಯೂ ಟೌನಿನ ಕಾರ್ಖಾನೆಯ ಕ್ವಾರ್ಟರ್ಸುಗಳನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಸಾಲಿಗೆ ಸಾಲೇ ಒಂದೇ ನಕ್ಷೆಯ ಮನೆಗಳು. ಯಾರ ಮನೆ ಎಂದು ಗುರುತಾಗುವುದು ನಕ್ಷೆಯಲ್ಲಿ ಇಲ್ಲದ್ದರಿಂದ, ಗೇಟಿನ ಪಕ್ಕದ ದಾಸವಾಳದಿಂದ, ಹಿತ್ತಿಲಿಗೆ ಇಳಿಸಿದ ತಗಡಿನಿಂದ. ಅವತಾರದ ಪಟ್ಟಿಯಲ್ಲಿ ಅಂಥ ಗಿಡ ನೆಡಲು ಜಾಗ ಬಿಟ್ಟಿಲ್ಲ. ಇರುವ ಭಾಗಗಳನ್ನೇ ಅವುಗಳ ಉದ್ದೇಶಕ್ಕೆ ಹೊರಗಾಗಿ ಬಳಸಿ ಗುರುತು ಮಾಡಿಕೊಳ್ಳಬೇಕು, ಹುಬ್ಬಿನಿಂದ ಕನ್ನಡಕ ಜಾರಿಸಿದ ಹಾಗೆ. ಕುಂಕುಮದ ಅಗಲಕ್ಕೆ, ಬೈತಲೆಯ ನರೆಗೆ ಅಂಥ ಒಳದಾರಿ ಸಿಗಲಿಲ್ಲ. ಅವನ್ನು ಪಟ್ಟಿ ಮಾಡುವವರೇ ಸೇರಿಸಬೇಕು, ಸೇರಿಸಬೇಕಾದರೆ ಅಂಥ ಹಣೆಯನ್ನು ಅವರು ಒಮ್ಮೆಯಾದರೂ ಎದುರು ಕೂತು ನೋಡಿರಬೇಕು.