ನದಿ ‘ನಾದಿ’ಯಾದ ಬಗೆ

ಕಳೆದ ರಾಜ್ಯೋತ್ಸವಕ್ಕೆ ಗನ್ನವರಂನಲ್ಲಿ ನಮ್ಮ ಮಕ್ಕಳು ಆಡಿದ ಕೋಲಾಟವನ್ನು ಕಂಡವರೆಲ್ಲ ಮೆಚ್ಚಿದರು. ಹೆಜ್ಜೆ ಚೆನ್ನಾಗಿತ್ತು, ಕೋಲುಗಳ ಸದ್ದು ಒಂದೇ ಆಗಿ ಕೇಳುತ್ತಿತ್ತು. ಹಾಡಿನ ವಿಷಯದಲ್ಲಿ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಹಾಡನ್ನು ಬರೆದವನು ನಾನೇ ಆದ್ದರಿಂದ ಆ ಮೌನದ ಅರ್ಥ ನನಗೆ ಬೇಗನೆ ಹೊಳೆಯಿತು. ಇನ್ನೊಬ್ಬರ ಕೃತಿಯನ್ನು ವಿಮರ್ಶಿಸುವ ಮೊದಲು ತನ್ನದನ್ನು ವಿಮರ್ಶಿಸಿಕೊಳ್ಳುವುದು ಒಳ್ಳೆಯದೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಕಲಿತ ಒಂದು ತೆಲುಗು ಕೋಲಾಟದ ಮಟ್ಟು ಬಾಯಿಗೆ ಬಂದಿತ್ತು. ಅದೇ ಮಟ್ಟಿಗೆ ಕನ್ನಡದ ಮಾತು ಹಾಕಿಕೊಡಿ ಎಂದು ತಾಯಂದಿರು ಕೇಳಿದರು. ಕೃಷ್ಣೆಯನ್ನೇ ವಸ್ತುವಾಗಿ ಆರಿಸಿಕೊಂಡೆ. ಮಹಾಬಲೇಶ್ವರದಲ್ಲಿ ಹುಟ್ಟಿ, ಕರ್ನಾಟಕವನ್ನು ಹಾದು, ವಿಜಯವಾಡದ ಬಾಗಿಲಿಗೆ ಬರುವ ಈ ನದಿ ನಮ್ಮಂತೆಯೇ ವಲಸೆ ಬಂದದ್ದಲ್ಲವೆ? ಮಟ್ಟಿನ ಒಂದು ಸಾಲಿಗೆ ಎಷ್ಟು ಸ್ವರಗಳಿವೆ ಎಂದು ಬೆರಳಲ್ಲಿ ಎಣಿಸಿದೆ: 11. ಅಷ್ಟೇ ಅಕ್ಷರಗಳ ಸಾಲನ್ನು ಹೊಸೆದೆ: ‘ನದಿ ಹರಿದು ಬಂತು ನಮ್ಮೂರಿಗೆ’. ಲೆಕ್ಕ ಸರಿಹೋಯಿತೆಂದು ನೆಮ್ಮದಿಯಿಂದ ಕೈತೊಳೆದುಕೊಂಡೆ.

ನಮ್ಮ ಸದಸ್ಯರೊಬ್ಬರ ಹತ್ತು ವರ್ಷದ ಮಗಳು ಕನ್ನಡ ಅಕ್ಷರಗಳನ್ನು ಇನ್ನೂ ಕಲಿಯಬೇಕಾಗಿದೆ. ಅವಳು ಹಾಡನ್ನು ಕೇಳಿ ಕೇಳಿ, ಕೇಳಿದಂತೆಯೇ ತೆಲುಗು ಲಿಪಿಯಲ್ಲಿ ಬರೆದುಕೊಂಡಿದ್ದಳು. ಹಬ್ಬ ಮುಗಿದ ಮೇಲೆ ಆ ಹಾಳೆಯನ್ನು ಹಿಡಿದು ತನ್ನ ಅಜ್ಜಿಯನ್ನು ಕೇಳಿದಳಂತೆ: “ಅಜ್ಜಿ, ನಾದಿ ಅಂದ್ರೆ ಏನು?” ಚಪಾತಿಗೆ ಹಿಟ್ಟು ಕಲಸುತ್ತಿದ್ದ ಅಜ್ಜಿ, “ಇದೇ ಕಣೆ, ನಾನು ಈಗ ನಾದ್ತಾ ಇದ್ದೀನಲ್ಲ” ಎಂದರಂತೆ. ಮನೆಯವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಊರಿನ ಮಕ್ಕಳಿಗೆ ‘ನದಿ’ ಎಂಬ ಪದ ಹತ್ತು ಕಡೆಯಿಂದ ಕಿವಿಗೆ ಬೀಳುತ್ತದೆ. ಒಂದು ಹಾಡು ಅದನ್ನು ಕೆಡಿಸಿದರೂ ನಷ್ಟವಿಲ್ಲ. ನಮ್ಮ ಮಕ್ಕಳಿಗೆ ಹಾಡೇ ನಿಘಂಟು. ಹಾಡಿನಲ್ಲಿ ತಪ್ಪಿದ್ದು ಅವರ ಕನ್ನಡದಲ್ಲೇ ತಪ್ಪಿದಂತೆ.

ನದಿ ಹೇಗೆ ನಾದಿಯಾಯಿತು? ಆ ಮಟ್ಟಿನ ಒಂದು ಸಾಲಿನಲ್ಲಿ ನಾಲ್ಕು ಏಟುಗಳಿವೆ. ಕೋಲುಗಳು ತಾಗುವುದು ಅಲ್ಲೇ. ಒಂದೊಂದು ಏಟಿಗೆ ನಾಲ್ಕು ಮಾತ್ರೆಯಂತೆ ಒಟ್ಟು 16 ಮಾತ್ರೆ. ಮೊದಲ ಮೂರು ಏಟುಗಳಲ್ಲಿ ಒಂದು ಉದ್ದ ಸ್ವರ, ಎರಡು ಗಿಡ್ಡ ಸ್ವರ. ಕೊನೆಯದರಲ್ಲಿ ಎರಡೂ ಉದ್ದ. ಬಾಯಲ್ಲಿ ಹೇಳುವುದಾದರೆ ‘ತಾತಕ ತಾತಕ ತಾತಕ ತಾತಾ’. ಇದಕ್ಕೆ ನನ್ನ ಸಾಲಿನ ಒಂದೊಂದು ಅಕ್ಷರವನ್ನು ಕ್ರಮವಾಗಿ ಕೂರಿಸಿದರೆ ಮಕ್ಕಳ ಬಾಯಲ್ಲಿ ಬರುವುದು ಹೀಗೆ: ‘ನಾದಿಹ ರೀದುಬ ತೂನಮು ರೀಗೇ’.

ಶಾಲೆಯಲ್ಲಿ ಕಲಿತ ಛಂದಸ್ಸನ್ನು ಇಲ್ಲಿ ಸ್ವಲ್ಪ ನೆನಪಿಸಿಕೊಳ್ಳೋಣ. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘಾಕ್ಷರ, ಅನುಸ್ವಾರವಿರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವು ಗುರು; ಎರಡು ಮಾತ್ರೆ. ನನ್ನ ಸಾಲಿನಲ್ಲಿ ಗುರುಗಳು ಮೂರೇ: ‘ಬಂತು’ವಿನ ಬಂ, ‘ನಮ್ಮೂರಿಗೆ’ಯ ನಮ್ ಮತ್ತು ಮೂ. ಮೂರೂ ಗಿಡ್ಡ ಸ್ವರಗಳಿಗೆ ಸಿಕ್ಕಿ ನಜ್ಜುಗುಜ್ಜಾದವು. ಮಟ್ಟಿನ ಐದು ಉದ್ದ ಸ್ವರಗಳಿಗೆ ಸಿಕ್ಕಿದ್ದು ನ, ರಿ, ತು, ರಿ, ಗೆ, ಐದೂ ಲಘುಗಳು. ಅಕ್ಷರ ಸಂಖ್ಯೆ ಸರಿಯಾಗಿದ್ದರೂ ಸಾಲಿನ ಮಾತ್ರೆ 14 ಮಾತ್ರ. ಕೊರತೆ ಬಿದ್ದ ಎರಡು ಮಾತ್ರೆಗಳನ್ನು ತುಂಬಲು ಸಿಕ್ಕ ಸಿಕ್ಕ ಅಕ್ಷರಗಳನ್ನು ಎಳೆಯಬೇಕಾಯಿತು.

ಎರಡನೆಯ ತಪ್ಪು ಒತ್ತಿನದು. ಕನ್ನಡದಲ್ಲಿ ಪದದ ಮೊದಲ ಅಕ್ಷರದ ಮೇಲೆ ನಸುವಾದ ಒತ್ತು ಬೀಳುತ್ತದೆ. ಹೊಸ ಪದ ಶುರುವಾಯಿತೆಂದು ಕಿವಿಗೆ ತಿಳಿಯುವುದು ಬಹುಮಟ್ಟಿಗೆ ಅದರಿಂದಲೇ. ತಾಳದ ಏಟೂ ಅಲ್ಲೇ ಬಿದ್ದರೆ ಎರಡೂ ಒಂದನ್ನೊಂದು ಎತ್ತಿಹಿಡಿಯುತ್ತವೆ. ನನ್ನ ಸಾಲಿನಲ್ಲಿ ಏಟು ಬಿದ್ದದ್ದು ‘ಹರಿದು’ವಿನ ನಡುವೆ, ‘ಬಂತು’ವಿನ ಬಾಲಕ್ಕೆ, ‘ನಮ್ಮೂರಿಗೆ’ಯ ಸೊಂಟಕ್ಕೆ. ಕೇಳುವವನಿಗೆ ‘ರೀದುಬ’, ‘ತೂನಮು’ ಎಂಬ ಹೊಸ ಪದಗಳು ಹುಟ್ಟಿಕೊಂಡವು.

ಮಕ್ಕಳ ನಾಲಿಗೆ ತೆಲುಗಿಗೆ ಪಳಗಿದೆ, ಅದಕ್ಕೇ ಹೀಗೆ, ಎಂದು ಕೆಲವರು ಸಮಾಧಾನ ಹೇಳಿದರು. ಇದನ್ನು ನಾನು ಒಪ್ಪಲಾರೆ. ರಾಜಕುಮಾರರಿಗೆ ಎಷ್ಟೋ ವರ್ಷ ಕಂಠವಾಗಿದ್ದ ಪಿ. ಬಿ. ಶ್ರೀನಿವಾಸ್ ಹುಟ್ಟಿದ್ದು ಇದೇ ಆಂಧ್ರದ ಕಾಕಿನಾಡದಲ್ಲಿ. ಅವರ ಕನ್ನಡ ತಡವರಿಸಿತೆಂದು ಯಾರಾದರೂ ಹೇಳಿಯಾರೆ? ದೋಷ ಹಾಡುವವರದಲ್ಲ, ಬರೆದವನದು.

ಹಾಗಾದರೆ ಸಾಲನ್ನು ಹೇಗೆ ತಿದ್ದಬೇಕು? ಅಕ್ಷರ ಎಣಿಸುವುದನ್ನು ಬಿಟ್ಟು ಮೊದಲು ‘ತಾತಕ’ದ ಆಕಾರದ ಪದಗಳನ್ನೇ ಹುಡುಕಿದೆ. ಕನ್ನಡದಲ್ಲಿ ಅವಕ್ಕೆ ಬರಗಾಲವಿಲ್ಲ: ಕೃಷ್ಣೆಯ, ನೀರಿದು, ಊರಿಗೆ, ಎಲ್ಲವೂ ಒಂದು ಗುರು ಎರಡು ಲಘು. ಕೊನೆಗೆ ‘ತಾತಾ’ದ ಜಾಗಕ್ಕೆ ‘ಬಂತೋ’. ಸಾಲು ‘ಕೃಷ್ಣೆಯ ನೀರಿದು ಊರಿಗೆ ಬಂತೋ’ ಎಂದಾಯಿತು. 16 ಮಾತ್ರೆ, ಪ್ರತಿ ಏಟಿಗೂ ಒಂದು ಪದದ ತಲೆ. ಆದರೂ ಮಕ್ಕಳು ಹಾಡಿದಾಗ ಮೂರನೆಯ ಏಟು ಜಾರಿತು. ‘ನೀರಿದು’ವಿನ ಕೊನೆಯ ಉಕಾರವೂ ‘ಊರಿಗೆ’ಯ ಮೊದಲ ಊಕಾರವೂ ಬೆರೆತು ‘ನೀರಿದೂರಿಗೆ’ ಎಂದಾಗುತ್ತಿತ್ತು. ಸಂಧಿ ನಮ್ಮ ಬಾಯಿಯ ಸ್ವಭಾವ, ಅದನ್ನು ತಡೆಯಲಾಗದು. ‘ಊರಿಗೆ’ಯನ್ನು ತೆಗೆದು ‘ನಮ್ಮೆಡೆ’ ಎಂದು ಹಾಕಿದೆ. ಏಟಿನ ಮೇಲೆ ವ್ಯಂಜನ ಕುಳಿತಿತು, ಕಳೆದುಹೋಗಿದ್ದ ‘ನಮ್ಮ’ ಎಂಬ ಭಾವವೂ ಮರಳಿ ಬಂತು. ಅದರ ಜೋಡಿಗೆ ಎರಡನೆಯ ಸಾಲು:

ಕೃಷ್ಣೆಯ ನೀರಿದು ನಮ್ಮೆಡೆ ಬಂತೋ
ಘಟ್ಟದ ಮಣ್ಣಿನ ಕಂಪನು ತಂತೋ

ಕವಿತ್ವದ ದೃಷ್ಟಿಯಿಂದ ಇದು ಸಾಧಾರಣವೇ. ಆದರೆ ಓದಿದರೂ ಹಾಡಿದರೂ ಪದಗಳು ಒಂದೇ ಆಗಿ ಕೇಳುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ. ಗುರುಗಳೆಲ್ಲ ಲೆಕ್ಕದಲ್ಲಿ ಸಮಾನ, ಕಂಠದಲ್ಲಿ ಅಲ್ಲ. ‘ನೀರು’ವಿನ ನೀ ಎಷ್ಟು ಬೇಕಾದರೂ ಎಳೆಯಲು ಬರುತ್ತದೆ. ‘ಮಣ್ಣು’, ‘ಕಂಪು’ ಇವುಗಳಲ್ಲಿ ಎರಡನೆಯ ಮಾತ್ರೆಯನ್ನು ಮೂಗಿನ ದನಿಯಲ್ಲಿ ನಿಲ್ಲಿಸಿ ತುಂಬಬಹುದು. ‘ಘಟ್ಟ’ದಲ್ಲಿ ಟಕಾರ ಮುಚ್ಚಿದ ಕೂಡಲೇ ದನಿ ನಿಲ್ಲುತ್ತದೆ, ಆ ಎರಡನೆಯ ಮಾತ್ರೆ ಮೌನ. ಚುರುಕಾದ ಕೋಲಾಟಕ್ಕೆ ಆ ಮೌನ ಕೋಲಿನ ಸದ್ದಿನೊಡನೆ ಸೇರಿ ಸೊಗಸಾಗುತ್ತದೆ. ಅದೇ ಸಾಲನ್ನು ಜೋಗುಳದಂತೆ ನಿಧಾನವಾಗಿ ಹಾಡಿದರೆ ಮೌನ ತುಂಬಲು ಅಕಾರವನ್ನು ಎಳೆಯುತ್ತಾರೆ, ಘಟ್ಟಕ್ಕೆ ಬದಲಾಗಿ ‘ಘಾಟು’ ಬರುತ್ತದೆ. ನಿಧಾನದ ಮಟ್ಟಿಗೆ ‘ದೂರದ ಮಣ್ಣಿನ’ ಎಂದರೆ ಲೇಸು.

ತೆಲುಗಿನ ಮಟ್ಟಿಗೆ ಕನ್ನಡ ಹಾಕುವಾಗ ಬರುವ ಮತ್ತೊಂದು ತೊಡಕನ್ನೂ ಹೇಳಬೇಕು. ಎರಡೂ ಅಕ್ಕತಂಗಿ ಭಾಷೆಗಳು, ನೇರವಾಗಿ ಪದಕ್ಕೆ ಪದ ಇಟ್ಟರಾಯಿತು ಎನಿಸುತ್ತದೆ. ‘ಊರಿಕಿ’ಗೆ ‘ಊರಿಗೆ’ ತೂಕ ಸಮವೇ. ಆದರೆ ‘ಇಂಟಿಕಿ’ ನಾಲ್ಕು ಮಾತ್ರೆ, ನಮ್ಮ ‘ಮನೆಗೆ’ ಮೂರೇ. ಹಾಗೆಯೇ ಹಾಡಿದರೆ ‘ಮಾನೆಗೆ’ ಆಗುತ್ತದೆ. ‘ಮನೆಕಡೆ’ ಎಂದರೆ ನಾಲ್ಕು ಲಘುಗಳು ಬರುತ್ತವೆ. ಮಟ್ಟಿನ ಉದ್ದ ಸ್ವರದ ಜಾಗದಲ್ಲಿ ‘ಮನೆ’ ಎಂಬ ಎರಡು ಲಘುಗಳನ್ನು ಇಡಬಹುದು, ಯಾವ ಅಕ್ಷರವನ್ನೂ ಎಳೆಯಬೇಕಿಲ್ಲ. ‘ಚೆಟ್ಟುಕು’ ಎಂಬುದಕ್ಕೆ ‘ಮರಕ್ಕೆ’ ಎಂದರೆ ಮಾತ್ರೆ ನಾಲ್ಕೇ ಆದರೂ ಗುರು ನಡುವೆ ಇದೆ. ಏಟು ಲಘುವಿನ ಮೇಲೆ ಬಿದ್ದು, ಭಾರವೆಲ್ಲ ಏಟಿನ ಆಚೆಗೆ ಉಳಿದು, ಸಾಲು ಕುಂಟುತ್ತದೆ. ಇದೇ ಜಗಣ. ಷಟ್ಪದಿಯಲ್ಲಿ ಜಗಣ ಕೂಡದೆಂದು ಹಿರಿಯರು ವಿಧಿಸಿದ್ದು ಸುಮ್ಮನೆ ಅಲ್ಲ. ಅವರು ಹಾಡಿ ನೋಡಿ ಬರೆದವರು.

ಇಂಥಲ್ಲಿ ನೆರವಿಗೆ ಬರುವುದು ಕನ್ನಡದ ಅವಳಿ ರೂಪಗಳು. ‘ಮನೆಯಲ್ಲಿ’ ಐದು ಮಾತ್ರೆ, ‘ಮನೆಯಲಿ’ ನಾಲ್ಕು. ‘ಬರುತ್ತಾನೆ’ ಆರು, ‘ಬರುತಾನೆ’ ಐದು. ಆಡುಮಾತಿನ ‘ಬರ್ತಾನೆ’ಯೂ ಐದೇ, ಆದರೆ ಅದು ಗುರುವಿನಿಂದ ಶುರುವಾಗುತ್ತದೆ. ಅರ್ಥ ಕೆಡದೆ ತೂಕ ಬದಲಿಸುವ ಈ ಅನುಕೂಲವನ್ನು ಬಳಸಿಕೊಳ್ಳದೆ ಅಕ್ಷರ ಎಳೆಯುವುದು ಸೋಮಾರಿತನವೇ ಸರಿ.

ಬೀಸುವ ಕಲ್ಲಿನ ಪದಗಳಲ್ಲಿ ನಮ್ಮ ಅಜ್ಜಿಯರು ಅಕ್ಷರ ಎಳೆಯುತ್ತಿರಲಿಲ್ಲವೆ ಎಂದು ಕೇಳಬಹುದು. ನಿಜ, ತ್ರಿಪದಿ ಅಂಶಗಣದ ಪದ್ಯ. ಅಲ್ಲಿ ಮಾತ್ರೆಗಳನ್ನು ಹೀಗೆ ಕಟ್ಟುನಿಟ್ಟಾಗಿ ಎಣಿಸುವುದಿಲ್ಲ, ಹಾಡುವವರು ದನಿ ಎಳೆದು ಜಾಗ ತುಂಬುತ್ತಾರೆ. ಆದರೆ ಅಲ್ಲಿ ಮಟ್ಟು ಮಾತಿಗೆ ಬಾಗುತ್ತದೆ, ಒಂದೊಂದು ಸಾಲಿಗೂ ತನ್ನನ್ನು ಹೊಂದಿಸಿಕೊಳ್ಳುತ್ತದೆ. ನಮ್ಮ ಕೋಲಾಟದ ಮಟ್ಟು ಮೊದಲೇ ಎರಕಹೊಯ್ದದ್ದು, ಬಾಗುವ ಕೆಲಸ ಮಾತಿನದು. ಎಳೆಯಲೇಬೇಕಾದರೆ ಸಾಲಿನ ಕೊನೆಯ ಅಕ್ಷರವನ್ನು ಎಳೆಯಿರಿ. ಅಷ್ಟು ಹೊತ್ತಿಗೆ ಪದ ಕಿವಿಗೆ ತಲುಪಿರುತ್ತದೆ. ಮೊದಲ ಅಕ್ಷರವನ್ನು ಎಳೆದರೆ ಪದವೇ ಬೇರೆಯಾಗುತ್ತದೆ.

ಈಗ ನಾನು ಯಾವ ಹಾಡನ್ನು ಬರೆದರೂ ಒಂದು ಪರೀಕ್ಷೆಗೆ ಒಡ್ಡುತ್ತೇನೆ. ಕಾಗದವನ್ನು ನೋಡದ ಒಬ್ಬರ ಎದುರು ಹಾಡಿಸಿ, ಕೇಳಿದ್ದನ್ನು ಬರೆಯಿರಿ ಎನ್ನುತ್ತೇನೆ. ಹೊಸ ಸಾಲುಗಳನ್ನು ಅದೇ ಹುಡುಗಿ ಮೊನ್ನೆ ತೆಲುಗು ಲಿಪಿಯಲ್ಲಿ ಬರೆದುಕೊಂಡಳು. ಅವಳ ಅಜ್ಜಿ ಕೂಡಿ ಕೂಡಿ ಓದಿ, “ಎಲ್ಲ ಸರಿಯಾಗಿದೆ, ‘ನಮ್ಮೆಡೆ’ ಅಂದ್ರೆ ಏನು ಅಂತ ಮಾತ್ರ ಇವಳಿಗೆ ಹೇಳಬೇಕು” ಎಂದರು. ಹೇಳೋಣ, ಅರ್ಥವನ್ನು ಹೇಳಿಕೊಡಬಹುದು. ಪದ ಮಾತ್ರ ಮೊದಲು ಪದವಾಗಿಯೇ ಕಿವಿಗೆ ಬೀಳಬೇಕು.