ಮಲಯಾಳದ ತಾರಾಟ್ಟು ಕನ್ನಡದ ಕೊರಳಿಗೆ

ಜೋಗುಳಕ್ಕೆ ಮಲಯಾಳಿಗಳು ಹೇಳುವ ಹೆಸರು ತಾರಾಟ್ಟು. ಈ ಪ್ರಕಾರದಲ್ಲಿ ಅತ್ಯಂತ ಪ್ರಸಿದ್ಧವಾದ ‘ಓಮನತ್ತಿಂಗಳ್ ಕಿಡಾವೋ’ ಎಂಬ ಹಾಡನ್ನು ಇರಯಿಮ್ಮನ್ ತಂಬಿ (1782–1856) ರಚಿಸಿದ್ದು 1813ರಲ್ಲಿ ಹುಟ್ಟಿದ ತಿರುವಾಂಕೂರಿನ ರಾಜಕುಮಾರ, ಮುಂದೆ ವಾಗ್ಗೇಯಕಾರನೆಂದು ಹೆಸರಾದ ಸ್ವಾತಿ ತಿರುನಾಳನಿಗಾಗಿ. ಮಗುವನ್ನು ಎಳೆಯ ಚಂದ್ರ, ತಾವರೆ, ಜೇನು, ಬೆಳದಿಂಗಳು, ಹವಳದ ಕುಡಿ ಮೊದಲಾದವುಗಳಿಗೆ ಹೋಲಿಸುತ್ತ ಸಾಗುವ ಈ ಹಾಡಿನಲ್ಲಿ ನಿದ್ದೆ ಎಂಬರ್ಥದ ಮಾತು ಒಮ್ಮೆಯೂ ಬರುವುದಿಲ್ಲ. ಮಲಗು ಎಂಬ ಅಪ್ಪಣೆಯೂ ಇಲ್ಲ. ಕನ್ನಡದ ಕಿವಿ ಜೋಗುಳದಲ್ಲಿ ‘ಜೋ ಜೋ’ ಎಂಬುದನ್ನು ನಿರೀಕ್ಷಿಸುವುದರಿಂದ ಅನುವಾದಕನಿಗೆ ಅದನ್ನು ಸೇರಿಸುವ ಆಸೆ ಹುಟ್ಟುವುದು ಸಹಜವಾದರೂ, ಹಾಗೆ ಸೇರಿಸಿದೊಡನೆ ಮೂಲದ ಗುಣವೇ ಕೆಡುತ್ತದೆ. ಮಗುವನ್ನು ಮಲಗಿಸುವ ಕೆಲಸವನ್ನು ಇಲ್ಲಿ ಮಾಡಬೇಕಾದದ್ದು ಅರ್ಥವಲ್ಲ, ಸಾಲಿನ ಕೊನೆಯ ಸ್ವರ.

ಬಹುತೇಕ ಪ್ರತಿಯೊಂದು ಸಾಲೂ ‘ಓ’ ಎಂಬ ಪ್ರತ್ಯಯದಲ್ಲಿ ಮುಗಿಯುತ್ತದೆ. ಇದು ಪ್ರಶ್ನೆಯ ರೂಪವಾದರೂ ಉತ್ತರವನ್ನು ಬೇಡುವ ಪ್ರಶ್ನೆಯಲ್ಲ, ಇದೋ ಅದೋ ಎಂದು ತೂಗಾಡುವ ಸಂದೇಹ. ಕನ್ನಡದಲ್ಲಿ ಪ್ರಶ್ನೆಗೆ ‘ಏ’ ಕೂಡ ಇದೆ, ಆದರೆ ‘ಚಂದ್ರನೇ?’ ಎಂದರೆ ಯಾರೋ ವಿಚಾರಣೆ ನಡೆಸುತ್ತಿರುವಂತೆ ಕೇಳಿಸುತ್ತದೆ, ಹಾಡುವಾಗ ತುಟಿ ಅಗಲವಾಗಿ ದನಿ ಮೊನಚಾಗುತ್ತದೆ. ‘ಚಂದಿರನೋ’ ಎಂಬಲ್ಲಿ ತುಟಿ ದುಂಡಗಾಗಿ, ದನಿ ಗುನುಗಿಗೆ ಹತ್ತಿರವಾಗುತ್ತದೆ. ಸಂದೇಹಾರ್ಥದ ‘ಓ’ ಕನ್ನಡಕ್ಕೂ ಸ್ವಂತದ್ದೇ ಆಗಿರುವುದು ಅನುವಾದಕನ ಪಾಲಿನ ದೊಡ್ಡ ಅದೃಷ್ಟ.

ಇದೇ ‘ಓ’ ಇನ್ನೊಂದು ತೊಡಕನ್ನೂ ಬಿಡಿಸುತ್ತದೆ. ಮಲಯಾಳದ ಎಷ್ಟೋ ಪದಗಳು ಲ್, ಳ್, ನ್ ಮುಂತಾದ ವ್ಯಂಜನಗಳಲ್ಲಿ ನಿಲ್ಲುತ್ತವೆ. ಇವುಗಳನ್ನು ಬರೆಯಲು ಆ ಲಿಪಿಯಲ್ಲಿ ‘ಚಿಲ್ಲು’ ಎಂಬ ಪ್ರತ್ಯೇಕ ಅಕ್ಷರಗಳಿವೆ. ಹೊಸಗನ್ನಡದ ಪದಗಳಾದರೋ ಸ್ವರದಲ್ಲಿ ಮುಗಿಯಬೇಕಾದ್ದರಿಂದ ಅವಕ್ಕೆ ‘ಉ’ ಅಂಟಿಕೊಳ್ಳುತ್ತದೆ. ‘ಪಾಲ್’ ಎಂಬ ಒಂದು ಅಕ್ಷರ ಕನ್ನಡದಲ್ಲಿ ‘ಹಾಲು’ ಎಂದು ಎರಡಾಗುತ್ತದೆ, ‘ಮಯಿಲ್’ ಎಂಬ ಎರಡು ‘ನವಿಲು’ ಎಂದು ಮೂರಾಗುತ್ತದೆ. ಹೀಗೆ ಹೆಚ್ಚಿದ ಅಕ್ಷರಗಳು ಅದೇ ಧಾಟಿಯಲ್ಲಿ ಕೂರದೆ ಒಂದರ ಮೇಲೊಂದು ಬಿದ್ದು ಹಾಡು ಅವಸರಕ್ಕೆ ಸಿಕ್ಕುತ್ತದೆ. ಆದರೆ ಸಾಲಿನ ಕೊನೆಯಲ್ಲಿ ‘ಓ’ ಬಂದಾಗ ಲೋಪಸಂಧಿಯಿಂದ ‘ಉ’ ಮಾಯವಾಗುತ್ತದೆ: ಜೇನು ‘ಜೇನೋ’ ಆಗುತ್ತದೆ, ನವಿಲು ‘ನವಿಲೋ’ ಆಗುತ್ತದೆ. ತೊಂದರೆ ಉಳಿಯುವುದು ಸಾಲಿನ ನಡುವೆ ಮಾತ್ರ, ಅಲ್ಲಿ ಸಮಾಸ ಅಥವಾ ಷಷ್ಠಿಯ ರೂಪವೇ ದಾರಿ.

ಹೂವಿನ ಜೇನಿನ ಹೋಲಿಕೆಯನ್ನು ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ‘ಹೂವಿನಲ್ಲಿ ತುಂಬಿಕೊಂಡಿರುವ ಜೇನುತುಪ್ಪವೇ’ ಎಂಬ ಅನುವಾದದಲ್ಲಿ ಅರ್ಥ ಪೂರ್ತಿಯಾಗಿದೆ, ಆದರೆ ಒತ್ತಕ್ಷರಗಳೂ ಹದಿನೈದು ಅಕ್ಷರಗಳ ಉದ್ದವೂ ಸೇರಿ ಅದನ್ನು ಹಾಡಲು ಬಾರದ ವಾಕ್ಯವನ್ನಾಗಿ ಮಾಡಿವೆ. ಹಾಡಿನ ಮೊದಲ ಸಾಲಿನಲ್ಲಿ ಇರುವುದು ಎಂಟೇ ಅಕ್ಷರ. ‘ಹೂವಿನೊಡಲಿನ ಜೇನೋ’ ಎಂದರೆ ಕನ್ನಡದಲ್ಲೂ ಎಂಟೇ ಆಗುತ್ತದೆ. ‘ತುಂಬಿದ’ ಎಂಬ ಭಾವವನ್ನು ‘ಒಡಲು’ ಸೂಚ್ಯವಾಗಿ ಹೊರುತ್ತದೆ. ಹೂವಿ, ನೊಡಲಿ, ನಜೇ, ನೋ ಎಂದು ಮೂರು ಮಾತ್ರೆಗಳ ಗಣಗಳಾಗಿ ಒಡೆದು, ಕೊನೆಯ ‘ನೋ’ ಒಂದು ಮಾತ್ರೆಯಷ್ಟು ಎಳೆತವನ್ನು ಪಡೆದು ತೂಗುವ ಲಯ ತಾನಾಗಿ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದನಿ ನಿಲ್ಲುವ ಕೊನೆಯ ಎರಡು ಸ್ಥಾನಗಳಲ್ಲಿ ದೀರ್ಘಸ್ವರಗಳಿವೆ.

ಪದ ಒಂದೇ ಆದರೂ ಅರ್ಥ ಸರಿದಿರುವ ಕಡೆ ಎಚ್ಚರ ಬೇಕು. ‘ತಿಂಗಳ್’ ಎಂಬುದು ಹಳಗನ್ನಡಕ್ಕೂ ಚಂದ್ರನೇ, ಆದರೆ ಇಂದಿನ ತಾಯಿಗೆ ‘ತಿಂಗಳು’ ಎಂದರೆ ಮೊದಲು ನೆನಪಾಗುವುದು ಪಂಚಾಂಗ. ‘ಬೆಳದಿಂಗಳೋ’ ಎಂದಾಗ ಮಾತ್ರ ಹಳೆಯ ಅರ್ಥ ಉಳಿದು, ಮಲಯಾಳದ ಇಂಪಿಗೆ ಕಾರಣವಾದ ಅನುನಾಸಿಕದ ಗುಂಯ್‌ಗಾಟವೂ ‘ಂಗ’ದಲ್ಲಿ ಅಷ್ಟಿಷ್ಟು ದಕ್ಕುತ್ತದೆ. ‘ಪೂರ್ಣಚಂದ್ರಿಕೆ’ಯಂಥ ಸಂಸ್ಕೃತ ಸಮಾಸವನ್ನು ಮೂಲದಲ್ಲಿಯೂ ಸಂಸ್ಕೃತವಿದೆ ಎಂಬ ನೆಪದಿಂದ ಉಳಿಸಿಕೊಳ್ಳುವವರುಂಟು, ಓದುವಾಗ ಅದು ಸೊಗಸೇ, ಆದರೆ ಎಳೆದು ಹಾಡುವ ಜಾಗದಲ್ಲಿ ‘ರ್ಣ’ ಮತ್ತು ‘ಂದ್ರಿ’ ಗಂಟಲಿಗೆ ಅಡ್ಡವಾಗುತ್ತವೆ.

ಮೂಲದ ರಾಗ ಕುರಂಜಿ. ನವರೋಜಿನಲ್ಲಿ ಹಾಡುವ ರೂಢಿಯೂ ಇದೆ. ಎರಡೂ ಮೇಲಿನ ಷಡ್ಜವನ್ನು ಮುಟ್ಟದೆ ಕಿರಿದಾದ ಹರವಿನಲ್ಲೇ ಸುಳಿಯುವ ರಾಗಗಳಾದ್ದರಿಂದ ಪದದ ಒರಟನ್ನು ಮರೆಸುವ ಏರಿಳಿತ ಅಲ್ಲಿ ದೊರೆಯುವುದಿಲ್ಲ. ಅನುವಾದವನ್ನು ನಿಧಾನಗತಿಯಲ್ಲಿ, ಸಣ್ಣ ದನಿಯಲ್ಲಿ ಹಾಡಿಸಿ ನೋಡಿದರೆ ಹಾಡುವವರು ಉಸಿರನ್ನು ಕದಿಯುವ ಅಥವಾ ಅಕ್ಷರವನ್ನು ನುಂಗುವ ಜಾಗ ಗೊತ್ತಾಗುತ್ತದೆ, ತಿದ್ದಬೇಕಾದದ್ದು ಆ ಜಾಗವನ್ನೇ. ಎಷ್ಟು ತಿದ್ದಿದರೂ ಎಂಟಕ್ಕೆ ಇಳಿಯದ ಸಾಲು ಉಳಿದರೆ, ಸಾಲಿನ ಮೊದಲ ಭಾಗದಲ್ಲಿ ಎರಡು ಹ್ರಸ್ವಗಳನ್ನು ಒಂದೇ ಸ್ವರಕ್ಕೆ ಕೂರಿಸಿ ಒಂಬತ್ತು ಅಕ್ಷರಗಳನ್ನು ಒಪ್ಪಿಕೊಳ್ಳಬಹುದು. ಕೊನೆಯ ಎರಡು ಸ್ಥಾನಗಳಲ್ಲಿ ಮಾತ್ರ ಆ ಸಲಿಗೆ ಸಲ್ಲದು.