ಶಿವನಸಮುದ್ರದ ಕರೆಂಟು, ಹತ್ತು ನಿಮಿಷದ ಕಥೆ

ಕನ್ನಡದಲ್ಲಿ ಈಗ ಇತಿಹಾಸದ ಕಥಾ ವಿಡಿಯೊಗಳಿಗೆ ಬರವಿಲ್ಲ. ಹೆಚ್ಚಿನವು ಒಂದೇ ಅಚ್ಚಿನವು. ಮೊದಲು ಲೋಗೊ, ಆಮೇಲೆ 'ನಮಸ್ಕಾರ ಸ್ನೇಹಿತರೇ', ಆಮೇಲೆ 'ಕೊನೆಯವರೆಗೂ ನೋಡಿ, ಬೆಚ್ಚಿಬೀಳ್ತೀರಿ'. ಅಲ್ಲಿಂದ ಮುಂದೆ ಇಸವಿಯ ಸಾಲು. ಬೆಚ್ಚಿಬೀಳಿಸುವ ಸಂಗತಿ ಕೊನೆಗೂ ಬರುವುದಿಲ್ಲ. ಈ ಕಸುಬಿನವರು ಓಪನ್ ಲೂಪ್ ಎನ್ನುವುದು ಇದಕ್ಕಲ್ಲ. ಲೂಪ್ ಎಂದರೆ ನೋಡುಗನಿಂದ ಪಡೆದ ಕೈಸಾಲ. ಏನನ್ನು ತೀರಿಸುತ್ತೇವೆ ಎಂಬುದು ಸಾಲ ಎತ್ತುವಾಗಲೇ ಗೊತ್ತಿರಬೇಕು.

ಶಿವನಸಮುದ್ರದ ವಿದ್ಯುತ್ತಿನ ಕಥೆಯನ್ನೇ ತೆಗೆದುಕೊಳ್ಳಿ. 'ಕಾವೇರಿ ಕೊಡಗಿನಲ್ಲಿ ಹುಟ್ಟಿ' ಎಂದು ಶುರುಮಾಡಿದರೆ ಮೊದಲ ಅರ್ಧ ನಿಮಿಷದಲ್ಲೇ ಜನ ಜಾರಿಕೊಳ್ಳುತ್ತಾರೆ. ಅದರ ಬದಲು ಕೋಲಾರದ ಚಿನ್ನದ ಗಣಿಯ ಬಾಯಲ್ಲಿ ಕ್ಯಾಮೆರಾ ಇಡಿ. 1902ರಲ್ಲಿ ಇಲ್ಲಿಗೆ ಸುಮಾರು 147 ಕಿಲೋಮೀಟರ್ ದೂರದ ಕಾವೇರಿಯಿಂದ ಕರೆಂಟು ಬಂತು; ಬೆಂಗಳೂರಿನ ಬೀದಿಗೆ ದೀಪ ಬರಲು 1905ರವರೆಗೆ ಕಾಯಬೇಕಾಯಿತು. ಗಣಿಗೆ ಮೊದಲು ಯಾಕೆ? ಇಷ್ಟನ್ನು ಇಪ್ಪತ್ತು ಸೆಕೆಂಡಿನಲ್ಲಿ ಹೇಳಬಹುದು. ಇದು ಇಡೀ ವಿಡಿಯೊವನ್ನು ಹೊರುವ ದೊಡ್ಡ ಪ್ರಶ್ನೆ. ಇದರ ಉತ್ತರ ಏಳನೇ ನಿಮಿಷದವರೆಗೆ ನಿಮ್ಮ ಕೈಯಲ್ಲೇ ಇರಲಿ.

ಆದರೆ ಒಂದೇ ಪ್ರಶ್ನೆಯನ್ನು ಏಳು ನಿಮಿಷ ಎಳೆದರೆ ನೋಡುಗನಿಗೆ ಸಿಟ್ಟು ಬರುತ್ತದೆ. ನಡುವೆ ಸಣ್ಣ ಪ್ರಶ್ನೆಗಳು ಹುಟ್ಟಿ ತೀರುತ್ತಿರಬೇಕು. ಅಷ್ಟು ದೂರಕ್ಕೆ ಕರೆಂಟು ಹೋದದ್ದು ಹೇಗೆ? ಆಗ ಜಗತ್ತಿನಲ್ಲೇ ಅಷ್ಟು ಉದ್ದದ ಲೈನುಗಳು ಬೆರಳೆಣಿಕೆಯಷ್ಟಿದ್ದವು. ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದರೆ ತಂತಿಯಲ್ಲಿ ಸೋರಿಹೋಗುವುದು ಕಡಿಮೆ ಎಂಬುದನ್ನು ಒಂದೇ ಚಿತ್ರ ಬರೆದು ತೋರಿಸಿ, ಮುಂದೆ ಹೋಗಿ. ಈ ಉತ್ತರ ಮುಗಿಯುವ ಮೊದಲೇ ಮುಂದಿನ ಪ್ರಶ್ನೆ ತಲೆಯೆತ್ತಬೇಕು: ಆ ಭಾರದ ಯಂತ್ರಗಳು ಶಿವನಸಮುದ್ರದ ಬ್ಲಫ್ ಕಣಿವೆಗೆ ಇಳಿದದ್ದು ಹೇಗೆ? ಇಲ್ಲಿ ನಿಧಾನಿಸಬಹುದು. ಮೇಲಿನ ಕಾಲುವೆ, ಸುಮಾರು 400 ಅಡಿ ಕೆಳಗೆ ಧುಮುಕುವ ಕೊಳವೆಗಳು, ಅಡಿಯಲ್ಲಿ ಯಂತ್ರಶಾಲೆ. ಐದಾರು ಸೆಕೆಂಡು ಮಾತೇ ಇಲ್ಲದೆ ನೀರಿನ ಸದ್ದು ಕೇಳಲಿ. ನಮ್ಮ ಎಡಿಟರುಗಳಿಗೆ ಮೌನವೆಂದರೆ ಭಯ. ಎರಡು ಸೆಕೆಂಡಿಗೊಂದು ಕಟ್, ಉದ್ದಕ್ಕೂ ಒಂದೇ ಡ್ರಮ್ಮು. ಅದು ವೇಗವಲ್ಲ, ಬರೀ ಗಲಾಟೆ. ವೇಗ ತಿಳಿಯಬೇಕಾದರೆ ಅದರ ಪಕ್ಕದಲ್ಲೊಂದು ನಿಧಾನ ಇರಬೇಕು.

ಐದನೇ ನಿಮಿಷದ ಸುಮಾರಿಗೆ ಕಥೆ ತಿರುಗಬೇಕು. ಈ ಕಥೆಗೆ ಅಂಥ ತಿರುವು ತಾನಾಗಿಯೇ ಇದೆ. ಯೋಜನೆಯ ಬೆನ್ನಿಗೆ ನಿಂತ ಮೈಸೂರಿನ ದಿವಾನ ಶೇಷಾದ್ರಿ ಅಯ್ಯರ್ 1901ರಲ್ಲಿ ಅಧಿಕಾರ ಬಿಟ್ಟರು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಕರೆಂಟು ಹರಿದದ್ದು ಮರುವರ್ಷದ ಜೂನಿನಲ್ಲಿ. ಇದನ್ನು ಶುರುವಿನಲ್ಲೇ ಹೇಳಿಬಿಟ್ಟರೆ ಬರೀ ಮಾಹಿತಿ. ಯಂತ್ರ ಇಳಿಸುವ ಕಷ್ಟ ಕಂಡಮೇಲೆ ಹೇಳಿದರೆ ತಟ್ಟುತ್ತದೆ. ಸಂಗೀತ ಸುರಿಸಿ ಅಳಿಸುವ ಅಗತ್ಯವಿಲ್ಲ, ಎರಡು ದಿನಾಂಕ ಪಕ್ಕಪಕ್ಕದಲ್ಲಿಟ್ಟರೆ ಸಾಕು.

ಆಮೇಲೆ ದೊಡ್ಡ ಪ್ರಶ್ನೆಯ ಉತ್ತರ: ದುಡ್ಡು. ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯವರು ಉಗಿಯಂತ್ರಕ್ಕೆ ಇಂಧನ ಸುರಿಯುತ್ತಿದ್ದವರು, ಒಪ್ಪಂದ ಮಾಡಿಕೊಂಡು ಕರೆಂಟು ಕೊಳ್ಳಬಲ್ಲ ಖಾತ್ರಿ ಗಿರಾಕಿಗಳು. ಬೀದಿದೀಪವನ್ನು ನಂಬಿ ಅಷ್ಟು ಬಂಡವಾಳ ಹೂಡುವುದು ಸಂಸ್ಥಾನಕ್ಕೆ ಕಷ್ಟವಿತ್ತು. ಆದರೆ ಇಲ್ಲಿಗೇ ನಿಂತರೆ ಕೊನೆಯ ಮೂರು ನಿಮಿಷ ಖಾಲಿ. ಆದ್ದರಿಂದ ಗಿರಾಕಿಯ ಮಾತು ಬರುವಾಗಲೇ ಬೇಸಿಗೆಯನ್ನು ತನ್ನಿ. ನದಿ ಬತ್ತಿದಾಗ ಗಣಿಗೆ ಮಾತುಕೊಟ್ಟ ಕರೆಂಟು ಎಲ್ಲಿಂದ ಬರಬೇಕು? ನೀರು ಕೂಡಿಡಬೇಕಾಯಿತು, ಕನ್ನಂಬಾಡಿ ಕಟ್ಟೆಗೆ ಇದ್ದ ಕಾರಣಗಳಲ್ಲಿ ಇದೂ ಒಂದು. ಕಟ್ಟೆಯ ಕಥೆಗೆ ಕೈಹಾಕಬೇಡಿ, ಅದು ಬೇರೆಯದೇ ವಿಡಿಯೊ. ಬೆಂಗಳೂರಿನ 1905ರ ದೀಪ ಹೊತ್ತಿಸಿ ಮುಗಿಸಿ.

ಕಥೆಯ ಕಟ್ಟು ಎಲ್ಲಿ ಸಡಿಲವಾಗಿದೆ ಎಂಬುದನ್ನು ಯೂಟ್ಯೂಬ್ ಸ್ಟುಡಿಯೊದ ರಿಟೆನ್ಷನ್ ಗೆರೆ ಮುಲಾಜಿಲ್ಲದೆ ತೋರಿಸುತ್ತದೆ. ಗೆರೆ ಮೆಲ್ಲಗೆ ಇಳಿಯುವುದು ಸಹಜ. ಒಂದು ಉತ್ತರ ಸಿಕ್ಕ ಮರುಕ್ಷಣವೇ ದಢಕ್ಕನೆ ಕುಸಿದಿದ್ದರೆ, ಮುಂದಿನ ಪ್ರಶ್ನೆಯನ್ನು ನೀವು ತಡವಾಗಿ ಎತ್ತಿದ್ದೀರಿ. ಮೊದಲ ಮೂವತ್ತು ಸೆಕೆಂಡಿನಲ್ಲೇ ಕುಸಿದಿದ್ದರೆ, ಶೀರ್ಷಿಕೆ ಹೇಳಿದ್ದು ಒಂದು, ತೆರೆಯ ಮೇಲೆ ಕಂಡದ್ದು ಇನ್ನೊಂದು. ವೋಲ್ಟೇಜಿನ ಭಾಗದಲ್ಲಿ ಗೆರೆ ಮೇಲೇರಿದ್ದರೆ ಹಿಗ್ಗುವ ಮೊದಲು ಆ ಭಾಗವನ್ನೊಮ್ಮೆ ಕೇಳಿ ನೋಡಿ. ಅರ್ಥವಾಗದೆ ಹಿಂದಕ್ಕೆ ಹೋಗಿ ನೋಡಿದವರೂ ಅದರಲ್ಲಿರುತ್ತಾರೆ.

ಈ ಗೆರೆಯನ್ನೇ ದೇವರು ಮಾಡಿಕೊಂಡವರು ಶೇಷಾದ್ರಿ ಅಯ್ಯರ್ ಸಾವನ್ನು 'ನಿಗೂಢ' ಮಾಡುತ್ತಾರೆ, ಶಿವನಸಮುದ್ರದ ಹೆಸರಿನಲ್ಲಿ ಯಾವುದೋ ದೇಶದ ಜಲಪಾತ ತೋರಿಸುತ್ತಾರೆ. ಅಂಥ ವಿಡಿಯೊ ಹತ್ತು ನಿಮಿಷ ಹಿಡಿದಿಟ್ಟರೂ ಸಾಕ್ಷ್ಯಚಿತ್ರ ಎನಿಸಿಕೊಳ್ಳುವ ಯೋಗ್ಯತೆ ಅದಕ್ಕಿಲ್ಲ.